ಒದ್ದೆ ಬಟ್ಟೆಯೊಳಗಿನ ನೂರು ಕಾಳು

ನನ್ನ ಮೈದುನನ ಬೀಜ ಗೊಬ್ಬರದ ಅಂಗಡಿ ಕನಕಪುರ ರಸ್ತೆಯಲ್ಲಿ, ಮೆಟ್ರೋ ಮುಗಿದ ಮೇಲೂ ಸುಮಾರು ದೂರ ಹೋದರೆ ಸಿಗುವ ಒಂದು ಸಣ್ಣ ಪೇಟೆಯಲ್ಲಿದೆ. ಹೋದ ವರ್ಷ ಅವನಿಗೆ ಸ್ಟ್ರೋಕ್ ಆಗಿ ಬಲಗೈ ಸೋತಿತು. ಕೃಷಿ ಪದವಿ ಓದಿದ್ದ ಮಗಳು ಗಲ್ಲಾ ಮೇಲೆ ಕೂತಳು. ನಾನು ಅವಳಿಗೆ ದೊಡ್ಡಮ್ಮ. ನಾನು ಇರುವುದು ಜಯನಗರದಲ್ಲಿ. ತರಕಾರಿಯನ್ನು ಬುಟ್ಟಿಯಲ್ಲಿ ಬಿಟ್ಟರೆ ಗಿಡದ ಮೇಲೆ ನೋಡಿದ್ದು ಕಡಿಮೆ.

ಅವಳು ಆಗಾಗ ಬಂದು ನನ್ನ ಮನೆಯಲ್ಲಿ ಉಳಿಯುತ್ತಿದ್ದಳು. ಒಂದು ಸಲ ಬಂದವಳು ಕಾಫಿ ಆರಿಹೋದರೂ ಲೋಟ ಹಿಡಿದೇ ಕೂತಿದ್ದಳು. ಏನೇ ಅಂದೆ.

"ಎಲ್ಲರೂ ಬರ್ತಾರೆ ದೊಡ್ಡಮ್ಮ. ಬಾಗಿಲಲ್ಲೇ ನಿಂತು, ಅಪ್ಪ ಇಲ್ವಾ ಅಂತಾರೆ. ಇಲ್ಲ, ನಾನಿದೀನಿ ಅಂದ್ರೆ, ಪರವಾಗಿಲ್ಲ ಆಮೇಲೆ ಬರ್ತೀವಿ ಅಂತಾರೆ. ಆಮೇಲೆ ಅಂದ್ರೆ ಎದುರಿನ ಅಂಗಡಿಗೆ."

ಎದುರಿನ ಅಂಗಡಿಯವರು ಫೋನಿನಲ್ಲಿ ವಿಡಿಯೋ ಬಿಟ್ಟಿದ್ದರು. ಅವಳು ತೋರಿಸಿದಳು. ಒಬ್ಬ ಗಂಡಸು ಗೊಬ್ಬರದ ಮೂಟೆಗಳ ಮೇಲೆ ಹತ್ತಿ ನಿಂತು, ಹಿಂದೆ ಡ್ರಮ್ ಬಾರಿಸುತ್ತಿರುವಾಗ, ಒಂದಕ್ಕೆ ಎರಡು ಪಟ್ಟು ಇಳುವರಿ, ಗ್ಯಾರಂಟಿ, ಗ್ಯಾರಂಟಿ ಎಂದು ಕೂಗುತ್ತಿದ್ದ. ನನಗೆ ನಗು ಬಂತು. ಅವಳಿಗೆ ಬರಲಿಲ್ಲ.

"ಇದನ್ನ ಎಷ್ಟು ಜನ ನೋಡಿದಾರೆ ಗೊತ್ತಾ? ನಾನೂ ಒಂದು ಮಾಡ್ತೀನಿ. ಎರಡೇ ನಿಮಿಷದ್ದು. ಬೀಜ ಹೇಗೆ ಪರೀಕ್ಷೆ ಮಾಡ್ಬೇಕು, ಹೇಗೆ ಉಪಚಾರ ಮಾಡ್ಬೇಕು, ಗೊಬ್ಬರ ಎಲ್ಲಿ ಬೀಳ್ಬೇಕು. ಅಷ್ಟೇ. ಎಷ್ಟು ಬೆಳೆ ಬರುತ್ತೆ ಅಂತ ಹೇಳಲ್ಲ. ಮಳೆ ಪರವಾಗಿ ನಾನು ಹೇಗೆ ಗ್ಯಾರಂಟಿ ಕೊಡ್ಲಿ?"

ಮುಂಗಾರಿಗೆ ಮುಂಚಿನ ಮಳೆ ಬಿದ್ದ ಕೂಡಲೇ ಅವರ ಕಡೆ ಅಲಸಂದೆ ಬಿತ್ತುತ್ತಾರೆ. ಮಳೆಗೆ ಮೊದಲು ವಿಡಿಯೋ ಜನರ ಫೋನಿಗೆ ಹೋಗಬೇಕು. ಅಪ್ಪನ ಅಂಗಡಿ ತನ್ನ ಕೈಯಲ್ಲಿ ನಿಲ್ಲುತ್ತದೋ ಇಲ್ಲವೋ ಎನ್ನುವುದು ಈ ಒಂದು ಬಿತ್ತನೆಯಲ್ಲಿ ತಿಳಿಯುತ್ತದೆ ಎಂದು ಅವಳು ನಂಬಿದ್ದಳು. ನನಗೂ ಹಾಗೇ ಅನ್ನಿಸಿತ್ತು.

ಮಾತು ಬರೆಯುವ ಕೆಲಸ ನಾನೇ ಕೇಳಿ ತೆಗೆದುಕೊಂಡೆ. ಕಾನ್ವೆಂಟಿನಲ್ಲಿ ಕಾಂಪೊಸಿಷನ್‌ಗೆ ಪ್ರೈಜ಼್ ತೆಗೆದುಕೊಂಡವಳು ನಾನು. ರಾತ್ರಿ ಊಟಕ್ಕೆ ಮುಂಚೆ ಕೂತು, ಭೂತಾಯಿಯ ಮಡಿಲು, ನಿರೀಕ್ಷೆಗೂ ಮೀರಿದ ಫಸಲು, ಎಂದೆಲ್ಲ ಒಂದು ಪುಟ ಬರೆದು ಕೊಟ್ಟೆ. ಅವಳು ಪೆನ್ಸಿಲ್ ಹಿಡಿದು ಓದಿದಳು.

"ದೊಡ್ಡಮ್ಮ, ನಿರೀಕ್ಷೆಗೂ ಮೀರಿದ್ದು ಅಂದ್ರೆ ಎಷ್ಟು?"

"ಎಷ್ಟು ಅಂತ ಅಲ್ಲ ಕಣೆ. ಸುಮ್ನೆ ಎಫೆಕ್ಟ್‌ಗೆ."

"ನಮ್ಮೋರು ಎಫೆಕ್ಟ್ ಕೇಳಲ್ಲ. ಎಷ್ಟು ಚೀಲ ಅಂತ ಕೇಳ್ತಾರೆ."

ಪೆನ್ಸಿಲ್ ಅಡ್ಡಡ್ಡ ಹೋಯಿತು. ಕೊನೆಗೆ ನನ್ನ ಪುಟದಲ್ಲಿ ಉಳಿದದ್ದು 'ನಮಸ್ಕಾರ' ಒಂದೇ. ನನಗೆ ಸ್ವಲ್ಪ ಕೋಪ ಬಂದಿದ್ದು ನಿಜ.

ವಿಡಿಯೋ ತೆಗೆಯಲು ಕತ್ರಿಗುಪ್ಪೆಯಿಂದ ಒಬ್ಬರು ಬಂದರು. ಐವತ್ತು ದಾಟಿದ ಮನುಷ್ಯ, ಮದುವೆ ವಿಡಿಯೋ ತೆಗೆದು ತೆಗೆದು ಎಲ್ಲವೂ ಅವರಿಗೆ ಮದುವೆಯ ಹಾಗೇ ಕಾಣುತ್ತಿತ್ತು. ಹೊಲದ ಭಾಗವನ್ನು ಅವಳ ಊರಿನ ಹತ್ತಿರ ಮೊದಲೇ ತೆಗೆದಿದ್ದರು. ಅದರಲ್ಲಿ ಅವಳು ಮಣ್ಣಿನಲ್ಲಿ ಕುಕ್ಕುರುಗಾಲಲ್ಲಿ ಕೂತು, ಬೀಜದ ಸಾಲಿನಿಂದ ನಾಲ್ಕು ಬೆರಳು ಪಕ್ಕಕ್ಕೆ ಅಳೆದು, ಗೊಬ್ಬರ ಇಲ್ಲಿ, ಬೀಜಕ್ಕಿಂತ ಸ್ವಲ್ಪ ಕೆಳಗೆ ಬೀಳಬೇಕು, ಬೀಜಕ್ಕೆ ತಾಗಿದರೆ ಮೊಳಕೆ ಸುಟ್ಟುಹೋಗುತ್ತದೆ ಎಂದು ತೋರಿಸುತ್ತಿದ್ದಳು. ಎಷ್ಟು ಹಾಕಬೇಕು ಎನ್ನುವುದಕ್ಕೆ ಮಣ್ಣು ಪರೀಕ್ಷೆಯ ಕಾರ್ಡನ್ನು ಕ್ಯಾಮೆರಾಕ್ಕೆ ಹಿಡಿದು, ಇದರಲ್ಲಿ ಬರೆದಷ್ಟು, ಪಕ್ಕದ ಹೊಲದವರು ಹಾಕಿದಷ್ಟಲ್ಲ, ಎನ್ನುತ್ತಾಳೆ. ಆ ಸಾಲು ನನಗೆ ಬಹಳ ಹಿಡಿಸಿತು. ನಾನು ಬರೆದದ್ದಾಗಿದ್ದರೆ ಚೆನ್ನಾಗಿತ್ತು.

ಮಿಕ್ಕದ್ದು ನನ್ನ ಅಡುಗೆಮನೆಯಲ್ಲಿ. ಅಂಗಡಿಯ ಮುಂದೆ ಲಾರಿ ಸದ್ದು ನಿಲ್ಲುವುದೇ ಇಲ್ಲ, ನಮ್ಮ ರಸ್ತೆ ತಣ್ಣಗಿರುತ್ತದೆ. ಮೊದಲು ಬೀಜೋಪಚಾರ. ಬೇಳೆಕಾಳಿನ ಬೇರಿನಲ್ಲಿ ಗಂಟು ಕಟ್ಟಿ, ಗಾಳಿಯಲ್ಲಿರುವ ಸಾರಜನಕವನ್ನು ಗಿಡಕ್ಕೆ ಒದಗಿಸುವ ಜೀವಾಣುಗಳು ಇರುತ್ತವಂತೆ. ಅವನ್ನು ಪುಡಿಯಾಗಿ ಪೊಟ್ಟಣದಲ್ಲಿ ಮಾರುತ್ತಾರೆ. ಬೆಲ್ಲದ ನೀರು ಕುದಿಸಿ, ಆರಿಸಿ, ಅದನ್ನು ಬೀಜಕ್ಕೆ ಚಿಮುಕಿಸಿ, ಮೇಲೆ ಪುಡಿ ಹಾಕಿ ಕೈಯಾಡಿಸಿ, ನೆರಳಲ್ಲಿ ಒಣಗಿಸಿ, ಅದೇ ದಿನ ಬಿತ್ತಬೇಕು.

"ಪೂರ್ತಿ ಆರಿರ್ಬೇಕು," ಎಂದು ಅವಳು ಪಾತ್ರೆಯೊಳಗೆ ಬೆರಳು ಅದ್ದಿ ತೋರಿಸಿದಳು. "ಬಿಸಿ ಇದ್ರೆ ಜೀವಾಣು ಸಾಯ್ತವೆ. ಬಿಸಿಲಲ್ಲಿ ಒಣಗಿಸಿದ್ರೂ ಸಾಯ್ತವೆ."

"ಮೇಡಂ, ಆ ಹಬೆ ಬರೋದು ಸಖತ್ತಾಗಿತ್ತು," ಎಂದರು ವಿಡಿಯೋದವರು. "ಬಿಸಿ ಇರುವಾಗ್ಲೇ ಹಾಕಿ, ಸ್ಲೋ ಮೋಷನ್ನಲ್ಲಿ ಚಿಂದಿಯಾಗಿ ಬರುತ್ತೆ."

"ಈಗ ತಾನೆ ಏನು ಹೇಳ್ದೆ ಅಣ್ಣ?"

"ಓ. ಸಾಯ್ತವೆ ಅಲ್ವಾ. ಸಾರಿ."

ಮೊಳಕೆ ಪರೀಕ್ಷೆಗೆ ಐದು ದಿನ ಬೇಕು. ಅವಳು ಅಂಗಡಿಯಿಂದ ತಂದ ಚೀಲವನ್ನು ಬಿಚ್ಚಿ, ಮೇಲಿಂದ, ನಡುವಿಂದ, ತಳದಿಂದ ಕೈಗೆ ಬಂದಷ್ಟು ಕಾಳು ತೆಗೆದಳು. ಆ ಬೀಜಕ್ಕೆ ಔಷಧಿ ಹಾಕಿರಲಿಲ್ಲ. ಔಷಧಿ ಹಾಕಿದ ಬೀಜಕ್ಕೆ ಬಣ್ಣ ಇರುತ್ತದೆ, ಅದನ್ನು ನಿಮ್ಮ ಅಡುಗೆಮನೆಯೊಳಗೆ ತರುತ್ತಲೇ ಇರಲಿಲ್ಲ ಎಂದಳು. ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟೆಯ ಮೇಲೆ ಹತ್ತು ಸಾಲು, ಸಾಲಿಗೆ ಹತ್ತು ಕಾಳು. ಸುಕ್ಕಾದದ್ದೋ, ಸಣ್ಣದೋ, ನೋಡದೆ ಇಟ್ಟಳು. ಹೀಗೇ ಇನ್ನೊಂದು ಬಟ್ಟೆ. ಎರಡನ್ನೂ ಸಡಿಲವಾಗಿ ಸುತ್ತಿ ಸ್ಟೋರ್ ರೂಮಿನ ನೆರಳಲ್ಲಿಟ್ಟಳು.

"ಬೆಳಿಗ್ಗೆ ಸಾಯಂಕಾಲ ನೀರು ಚಿಮುಕಿಸಿ ದೊಡ್ಡಮ್ಮ. ನೆನೆಹಾಕ್ಬೇಡಿ, ಕೊಳೆಯುತ್ತೆ. ಐದನೇ ದಿನ ಬಂದು ಕ್ಯಾಮೆರಾ ಮುಂದೆನೇ ಬಿಚ್ತೀನಿ."

ಅವಳು ಊರಿಗೆ ಹೋದಳು. ನಾನು ಹೇಳಿದ ಹಾಗೆ ನೀರು ಚಿಮುಕಿಸಿದೆ. ಬಹಳ ವರ್ಷಗಳ ನಂತರ ಯಾರೋ ನನ್ನನ್ನು ನಂಬಿ ಒಂದು ಕೆಲಸ ಕೊಟ್ಟಿದ್ದರು. ಬೆಳಿಗ್ಗೆ ಎದ್ದ ಕೂಡಲೇ ಅದರ ನೆನಪಾಗುತ್ತಿತ್ತು.

ಐದನೇ ದಿನ ಅವರೆಲ್ಲ ಬರುವುದಕ್ಕೆ ಮುಂಚೆ ನಾನು ಬಟ್ಟೆ ಬಿಚ್ಚಿದೆ. ನೋಡೋಣ, ಕ್ಯಾಮೆರಾಕ್ಕೆ ಹೇಗೆ ಕಾಣುತ್ತದೆ ಎಂದು. ಸಾಲುಗಳಲ್ಲಿ ಬಿಳಿ ಮೊಳಕೆಗಳು ಬಾಗಿ ನಿಂತಿದ್ದವು, ಎಷ್ಟು ಮುದ್ದಾಗಿ! ಆದರೆ ನಡುನಡುವೆ ಮೊಳೆಯದ ಕಾಳು. ಒಂದೆರಡು ಕಪ್ಪಗೆ ಕೊಳೆತಿದ್ದವು. ನಮ್ಮ ಕಾನ್ವೆಂಟಿನಲ್ಲಿ ಹೊಲಿಗೆ ಕ್ಲಾಸಿನ ಸಿಸ್ಟರ್ ಬಟ್ಟೆಯ ಹಿಂಭಾಗವನ್ನು ತಿರುಗಿಸಿ ನೋಡುತ್ತಿದ್ದರು. ಒಂದು ಹೊಲಿಗೆ ಸಾಲು ತಪ್ಪಿದ್ದರೂ ಪೂರ್ತಿ ಬಿಚ್ಚಿಸುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, ಐವತ್ತು ವರ್ಷ ಅಡುಗೆಮನೆಯಲ್ಲಿ ನಿಂತವಳ ಕೈ ಇದು. ಮೊಳಕೆ ಕಾಳಿನ ಪಲ್ಯಕ್ಕೆ ಮುಂಚೆ ಗಟ್ಟಿ ಕಾಳು ಆರಿಸಿ ಎಸೆಯದೆ ಒಗ್ಗರಣೆಗೆ ಹಾಕಿದ್ದೇ ಇಲ್ಲ. ಹಲ್ಲಿಗೆ ಸಿಕ್ಕಿದರೆ ನೆಂಟರು ಏನೆಂದುಕೊಂಡಾರು?

ಆರಿಸಿದೆ. ಹದಿನೇಳು ಕಾಳು ಆರಿಸಿದ ಮೇಲೆ ಸಾಲುಗಳು ಹಲ್ಲು ಬಿದ್ದ ಬಾಯಿಯ ಹಾಗೆ ಕಂಡವು. ಎರಡನೆಯ ಬಟ್ಟೆ ಹೇಗೂ ಎಕ್ಸ್‌ಟ್ರಾ ಇತ್ತಲ್ಲ, ಅದರಿಂದ ಚೆನ್ನಾಗಿ ಮೊಳೆತವನ್ನು ತೆಗೆದು ಖಾಲಿ ಜಾಗಕ್ಕೆ ಇಟ್ಟೆ. ಆರಿಸಿದ್ದನ್ನು ಹಸಿ ಕಸದ ಬಕೆಟ್ಟಿಗೆ ಹಾಕಿದೆ. ಕಸದ ಗಾಡಿ ಹಾಡು ಹೇಳಿಕೊಂಡು ಬಂತು, ಅದೂ ಹೋಯಿತು. ಬಟ್ಟೆಯನ್ನು ಮೊದಲಿನ ಹಾಗೇ ಸುತ್ತಿಟ್ಟು, ಅತಿಥಿಗಳಿಗೆ ತಟ್ಟೆ ಸಿಂಗರಿಸಿದವಳ ಸಂತೋಷದಲ್ಲಿ ಸ್ನಾನಕ್ಕೆ ಹೋದೆ.

ಒಂಬತ್ತು ಗಂಟೆಗೆ ಕ್ಯಾಮೆರಾ ಮುಂದೆ ಅವಳು ಬಟ್ಟೆ ಬಿಚ್ಚಿದಳು. ಬೆರಳಿಟ್ಟು ಸಾಲು ಸಾಲಾಗಿ ಎಣಿಸಿದಳು. ಹತ್ತು, ಇಪ್ಪತ್ತು, ಮೂವತ್ತು. ಎಪ್ಪತ್ತಾದ ಮೇಲೆ ಅವಳ ದನಿ ನಿಧಾನವಾಯಿತು. ನೂರು ಎಂದು ಹೇಳಿ ಬೆರಳು ಎತ್ತಿದಳು.

"ನೂರಕ್ಕೆ ನೂರು! ಸೂಪರ್ ಮೇಡಂ!" ಎಂದು ವಿಡಿಯೋದವರು ಕೂಗಿದರು. "ಇದನ್ನೇ ಮುಂದ್ಗಡೆ ಹಾಕೋಣ. ದೊಡ್ಡಕ್ಷರದಲ್ಲಿ. ಎದುರುಗಡೆಯವನು ಅಂಗಡಿ ಮುಚ್ಕೊಂಡು ಹೋಗ್ತಾನೆ."

ಅವಳು ಬಟ್ಟೆಯನ್ನೇ ನೋಡುತ್ತಿದ್ದಳು. "ಅಲಸಂದೇಲಿ ನೂರು ನಾನು ನೋಡೇ ಇಲ್ಲ. ಚೀಲದ ಚೀಟೀಲಿ ಕನಿಷ್ಠ ಎಪ್ಪತ್ತೈದು ಅಂತ ಇರೋದು." ಆಮೇಲೆ ಅವಳ ಮುಖ ಮೆಲ್ಲಗೆ ಅರಳಿತು. "ಎಲ್ಲೋ ಒಂದ್ಸಲ ಬರಬಹುದೇನೋ. ಅಪ್ಪಂಗೆ ಫೋನ್ ಮಾಡಿ ಹೇಳ್ತೀನಿ. ಪಾಪ, ಎಷ್ಟು ಖುಷಿ ಪಡ್ತಾರೆ."

ನಾನು ಬಾಗಿಲ ಹತ್ತಿರ ನಿಂತಿದ್ದೆ. ಸುಮ್ಮನಿದ್ದರೆ ಆಗುತ್ತಿತ್ತು. ಎದುರಿನವನು ಬಾಯಿಗೆ ಬಂದ ಹಾಗೆ ಕೂಗುತ್ತಾನೆ, ನಮ್ಮ ಹುಡುಗಿಗೆ ಹದಿನೇಳು ಕಾಳಿನ ಸಹಾಯ ಆದರೆ ಯಾರ ಗಂಟು ಹೋಗುತ್ತದೆ ಎಂದೂ ಅನ್ನಿಸಿತು. ಅವಳು ಫೋನ್ ಕಿವಿಗಿಟ್ಟಳು. ಸ್ಟ್ರೋಕ್ ಆದ ಮೇಲೆ ನನ್ನ ಮೈದುನನಿಗೆ ಮಾತು ತಡವರಿಸುತ್ತದೆ. ಅವನು ಖುಷಿಯಲ್ಲಿ ಏನೋ ಹೇಳಲು ಒದ್ದಾಡುವುದು ಕಣ್ಣ ಮುಂದೆ ಬಂತು.

"ಫೋನ್ ಇಡೇ," ಎಂದೆ. "ಅದು ನಾನು ಜೋಡಿಸಿಟ್ಟಿದ್ದು."

"ಏನು ಜೋಡಿಸಿದ್ರಿ?"

ಹೇಳಿದೆ. ಹೇಳುವಾಗ ನನ್ನ ದನಿ ನನಗೇ ಸ್ಕೂಲ್ ಹುಡುಗಿಯ ದನಿಯ ಹಾಗೆ ಕೇಳಿಸಿತು. ಅವಳು ಬೈಯಲಿಲ್ಲ. ಫೋನನ್ನು ಟೇಬಲ್ ಮೇಲೆ ಕವುಚಿ ಇಟ್ಟಳು.

"ಆರಿಸಿದ ಕಾಳೆಲ್ಲಿ?"

"ಕಸದ ಗಾಡಿಗೆ ಹೋಯ್ತು."

ವಿಡಿಯೋದವರು ಇಬ್ಬರ ಮುಖವನ್ನೂ ನೋಡಿದರು. "ಮೇಡಂ, ಇದರಲ್ಲೇನಿದೆ? ಯಾರಿಗೆ ಗೊತ್ತಾಗುತ್ತೆ? ಮದುವೆ ವಿಡಿಯೋದಲ್ಲಿ ಹುಡುಗಿ ಮುಖದ ಮೊಡವೆ ನಾವು ತೆಗೆಯಲ್ವಾ? ಅವರೇ ಕೇಳಿ ತೆಗೆಸ್ತಾರೆ."

"ಗಂಡ ಮಾರನೇ ದಿನ ಮುಖ ನೋಡಲ್ವಾ ಅಣ್ಣ?"

ಅವರು ಜೋರಾಗಿ ನಕ್ಕರು. ಅವಳು ನಗಲಿಲ್ಲ, ನನ್ನ ಕಡೆ ತಿರುಗಿದಳು.

"ದೊಡ್ಡಮ್ಮ, ಮೊಳಕೆ ನೂರು ಅಂತ ನಂಬಿದವರು ಬೀಜ ಕಮ್ಮಿ ಹಾಕ್ತಾರೆ. ಹೊಲದಲ್ಲಿ ಸಾಲಲ್ಲಿ ಅಲ್ಲಲ್ಲಿ ಖಾಲಿ ಬೀಳುತ್ತೆ. ಅದನ್ನ ಯಾರು ಹೋಗಿ ತುಂಬ್ತಾರೆ? ಇನ್ನೊಂದು ಬಟ್ಟೆಯಿಂದ ತಂದು ಇಡಕ್ಕಾಗುತ್ತಾ?"

ಇದು ನನಗೆ ಹೊಳೆದೇ ಇರಲಿಲ್ಲ. ನನ್ನ ಲೆಕ್ಕದಲ್ಲಿ ಆ ಕಾಳುಗಳು ಫೋಟೋಕ್ಕೆ ಕೂತವು. ಅವಳ ಲೆಕ್ಕದಲ್ಲಿ ಒಂದೊಂದೂ ಯಾರದೋ ಹೊಲದ ಒಂದು ಗಿಡ. ಕುರ್ಚಿ ಎಳೆದುಕೊಂಡು ಕೂತೆ. ಅವಳು ಬಂದು ಪಕ್ಕದಲ್ಲಿ ನಿಂತು ನನ್ನ ಭುಜದ ಮೇಲೆ ಕೈ ಇಟ್ಟಳು.

"ಹೋಗ್ಲಿ ಬಿಡಿ. ಮತ್ತೆ ಇಡೋಣ. ಐದು ದಿನ ತಾನೆ."

"ಮಳೆ ಬಂದ್ರೆ?"

ಅವಳು ಎರಡನೆಯ ಬಟ್ಟೆಯನ್ನು ಎತ್ತಿಕೊಂಡು ಬಂದು, "ದೊಡ್ಡಮ್ಮ, ಬೆಳಿಗ್ಗೆ ಮಾಡಿದ್ದನ್ನ ಇನ್ನೊಂದ್ಸಲ ಮಾಡಿ," ಎಂದಳು. "ಕ್ಯಾಮೆರಾ ಮುಂದೆ."

"ನನ್ನ ಮಾನ ತೆಗೀಬೇಡ ಕಣೆ."

"ಅಲ್ಲ, ಕೇಳಿ. ನಮ್ಮ ಕಡೆ ಮನೇಲಿ ಬೀಜ ನೋಡೋರೂ ಹೆಂಗಸರೇ. ಅವರೂ ಇದನ್ನೇ ಮಾಡ್ತಿರ್ತಾರೆ. ಚೆನ್ನಾಗಿರೋ ಕಾಳು ಆರಿಸಿ ಇಡ್ತಾರೆ, ಆಮೇಲೆ ಎಲ್ಲಾ ಮೊಳೀತು ಅಂತಾರೆ. ಪರೀಕ್ಷೆ ಹೇಗೆ ಮಾಡ್ಬೇಕು ಅಂತ ಎಲ್ಲರೂ ಹೇಳ್ತಾರೆ. ಹೇಗೆ ಮಾಡ್ಬಾರದು ಅಂತ ಯಾರೂ ತೋರಿಸಲ್ಲ."

ಮುಖ ಬೇಡ, ಕೈ ಮಾತ್ರ, ಎನ್ನುವ ಷರತ್ತಿನ ಮೇಲೆ ಒಪ್ಪಿದೆ. ಎರಡನೆಯ ಬಟ್ಟೆಯಲ್ಲಿ ಮೊಳೆಯದ ಕಾಳು ಇನ್ನೂ ಇದ್ದವು. ಅವನ್ನು ಒಂದೊಂದಾಗಿ ಆರಿಸಿ ತಟ್ಟೆಯ ಅಂಚಿಗೆ ಹಾಕಿದೆ. ವಿಡಿಯೋದವರು ಮೆತ್ತಗೆ, "ಅಮ್ಮ, ನಾಚಿಕೆ ಬೇಡ, ಮದುಮಗಳ ಮೆಹೆಂದಿ ತೆಗೆದ ಹಾಗೆ ತೆಗೀತೀನಿ," ಎಂದರು. ಅವರ ಮಟ್ಟಿಗೆ ಅದು ದೊಡ್ಡ ಮರ್ಯಾದೆ.

ಅವತ್ತೇ ಹೊಸದಾಗಿ ಎರಡು ಬಟ್ಟೆ ಸುತ್ತಿಟ್ಟು ಅವಳು ಊರಿಗೆ ಹೋದಳು. ನಾನು ನೀರು ಚಿಮುಕಿಸಿದೆ. ಬಿಚ್ಚಲಿಲ್ಲ. ಸ್ಟೋರ್ ರೂಮಿನ ಬಾಗಿಲಲ್ಲಿ ನಿಂತು ವಾಪಸ್ ಬರುತ್ತಿದ್ದೆ. ಮೂರನೆಯ ದಿನ ಮಧ್ಯಾಹ್ನ ಬನಶಂಕರಿ ಕಡೆಯಿಂದ ಮೋಡ ಕಟ್ಟಿಕೊಂಡು ಬಂತು. ಬೇರೆ ವರ್ಷ ಆಗಿದ್ದರೆ ಆ ಮಣ್ಣಿನ ವಾಸನೆಗೆ ನಾನು ಬಾಲ್ಕನಿಗೆ ಓಡುತ್ತಿದ್ದೆ, ನನ್ನ ಗಂಡ ಇದ್ದಾಗ ಇಬ್ಬರೂ ಓಡುತ್ತಿದ್ದೆವು. ಅವತ್ತು ಕಿಟಕಿ ಮುಚ್ಚಿ ಒಳಗೆ ಕೂತೆ.

ಸಂಜೆ ಫೋನ್ ಬಂತು. "ಇಲ್ಲೂ ಚೆನ್ನಾಗಿ ಹುಯ್ತು. ಎದುರುಗಡೆ ಫುಲ್ ರಶ್."

"ನಿಂಗೆ?"

"ಮೂರು ಜನ. ಒಬ್ಬರು ಚಿಲ್ಲರೆ ಕೇಳಕ್ಕೆ ಬಂದಿದ್ದು."

"ನನ್ನಿಂದ ಆಯ್ತು ಕಣೆ."

"ಮಳೆ ನಿಮ್ಮಿಂದ ಬಂತಾ ದೊಡ್ಡಮ್ಮ? ನೀರು ಹಾಕಿದ್ರಾ ಬಟ್ಟೆಗೆ, ಅದು ಹೇಳಿ."

ಐದನೆಯ ದಿನ ವಿಡಿಯೋದವರು ಯಾವುದೋ ಮುಹೂರ್ತಕ್ಕೆ ಹೋಗುವ ಮುಂಚೆ ಬೆಳಿಗ್ಗೆ ಆರಕ್ಕೇ ಬಂದರು. ಅವಳು ಹಿಂದಿನ ರಾತ್ರಿಯೇ ಬಂದಿದ್ದಳು. ಬಿಚ್ಚಿದಳು, ಎಣಿಸಿದಳು. ಬೇರು ಮೊಳಕೆ ಎರಡೂ ಸರಿಯಾಗಿ ಬಂದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿದಳು. ಸೊಟ್ಟಗೆ ಮುರುಟಿದ್ದನ್ನು ಬೆರಳಲ್ಲಿ ತೋರಿಸಿ, ಇದು ಲೆಕ್ಕಕ್ಕಿಲ್ಲ ಎಂದಳು. ಒಂದು ಬಟ್ಟೆಯಲ್ಲಿ ಎಂಬತ್ತೊಂದು. ಇನ್ನೊಂದರಲ್ಲಿ ಎಂಬತ್ನಾಲ್ಕು. ಮೊಳೆಯದ ಕಾಳುಗಳು ಇದ್ದಲ್ಲೇ ಇದ್ದವು, ಎಲ್ಲರಿಗೂ ಕಾಣುವ ಹಾಗೆ.

ಕ್ಯಾಮೆರಾ ನೋಡಿ ಅವಳು ಕೊನೆಯ ಮಾತು ಹೇಳಿದಳು. ಅದರಲ್ಲಿ ನನ್ನದು ಒಂದು ಅಕ್ಷರವೂ ಇಲ್ಲ. "ಬೀಜ ಮೊಳೆಯುತ್ತಾ ಅಂತ ನೀವೇ ನೋಡ್ಕೊಳಿ. ಚೀಟೀಲಿ ಬರೆದಿದ್ದಕ್ಕಿಂತ ಕಮ್ಮಿ ಬಂದ್ರೆ ಚೀಲ, ಚೀಟಿ, ಬಿಲ್ಲು ತಗೊಂಡು ಬನ್ನಿ. ಕೊಯ್ಲು ಆಗೋ ತನಕ ಬಿಲ್ಲು ಎಸೀಬೇಡಿ. ಎಕರೆಗೆ ಎಷ್ಟು ಬರುತ್ತೆ ಅಂತ ನಾನು ಹೇಳಲ್ಲ. ಅದು ಮಳೆ, ಮಣ್ಣು, ನಿಮ್ಮ ಕೆಲಸ, ಹುಳ ಎಲ್ಲಾ ಸೇರಿ ಆಗೋದು. ಬೀಜ ಗೊಬ್ಬರ ಸರಿಯಾಗಿ ಹಾಕೋದು ಹೇಗೆ ಅಂತ ಹೇಳಬಲ್ಲೆ, ಅಷ್ಟೇ."

"ಕಟ್," ಎಂದರು ವಿಡಿಯೋದವರು. ಆಮೇಲೆ, "ಡ್ರಮ್ ಹಾಕ್ಲಾ ಹಿಂದ್ಗಡೆ?" ಎಂದು ಕೇಳಿ, ಅವಳ ಮುಖ ನೋಡಿ, "ಬೇಡ ಬಿಡಿ," ಎಂದು ತಾವೇ ಹೇಳಿಕೊಂಡರು.

ವಿಡಿಯೋ ಹೊರಗೆ ಬಂದಾಗ ಎದುರಿನವರ ವಿಡಿಯೋ ನೋಡಿದಷ್ಟು ಜನ ನೋಡಲಿಲ್ಲ. ಅದರ ಅರ್ಧವೂ ಇಲ್ಲ. ಕೆಲವರು ಕೆಳಗೆ, ಇಳುವರಿ ಹೇಳಕ್ಕೆ ಧೈರ್ಯ ಇಲ್ಲವಾ ಎಂದು ಬರೆದಿದ್ದರು. ನಾನು ಕನ್ನಡಕ ಹಾಕಿಕೊಂಡು ಒಂದೊಂದೂ ಓದಿ ಸಂಕಟಪಟ್ಟೆ. ಆದರೆ ಎರಡು ದಿನ ಬಿಟ್ಟು ಅವಳು ಒಂದು ವಾಯ್ಸ್ ಮೆಸೇಜ್ ಕಳಿಸಿದಳು, ಯಾರೋ ಹೆಂಗಸಿನದು. ಹಿಂದೆ ಕೋಳಿ ಸದ್ದು. "ಅಯ್ಯೋ, ಆಯಮ್ಮ ಆರ್ಸೋದು ನೋಡಿ ನಗು ಬಂತು ಕಣವ್ವ. ನಮ್ಮತ್ತೇನೂ ಹಂಗೇಯ. ನಾನೂ ಹಂಗೇಯ." ಅದನ್ನು ನಾನು ಎಷ್ಟು ಸಲ ಕೇಳಿದೆನೋ.

ಮುಂದಿನ ವಾರ ಮೈದುನನನ್ನು ನೋಡಿಕೊಂಡು ಬರೋಣ ಎಂದು ಹೋದವಳು ಅಂಗಡಿಯಲ್ಲೇ ಕೂತೆ. ಆಗಾಗ ಜನ ಬರುತ್ತಿದ್ದರು, ಎದುರಿಗೂ ಹೋಗುತ್ತಿದ್ದರು. ಯಾವುದು ಹೆಚ್ಚು ಎಂದು ಎಣಿಸಬಾರದು ಎಂದುಕೊಂಡೇ ಎಣಿಸುತ್ತಿದ್ದೆ. ಹನ್ನೊಂದರ ಹೊತ್ತಿಗೆ, ನನಗಿಂತ ಹತ್ತು ವರ್ಷ ಚಿಕ್ಕವಳಿರಬಹುದು, ಒಬ್ಬಾಕೆ ಬಂದು ಕೌಂಟರಿನ ಮೇಲೆ ಒದ್ದೆ ಟವೆಲ್ಲಿನ ಗಂಟು ಇಟ್ಟಳು.

"ನಮ್ಮನೆ ಬೀಜ ಕಣವ್ವ, ಹೋದ್ವರ್ಸದ್ದು. ನೂರು ಇಟ್ಟಿದ್ದೆ. ಒಂದ್ನೂ ಮುಟ್ಟಿಲ್ಲ, ನೀನೇ ನೋಡು."

ನನ್ನ ಹುಡುಗಿ ಟವೆಲ್ ಬಿಚ್ಚಿದಳು. ಇಬ್ಬರೂ ತಲೆ ತಲೆ ತಾಗಿಸಿ ಎಣಿಸಿದರು. ಐವತ್ತೆಂಟು.

"ಇದನ್ನೇ ಬಿತ್ತುದ್ರೆ?" ಎಂದಳು ಆಕೆ.

"ಬಿತ್ತಬಹುದು ಅಕ್ಕ, ಆದ್ರೆ ಬೀಜ ಜಾಸ್ತಿ ಬೇಕು. ಹುಟ್ಟಿದ್ದೂ ಅಷ್ಟು ಗಟ್ಟಿಮುಟ್ಟಾಗಿ ಬರಲ್ಲ. ಇದನ್ನ ಸಾರಿಗೆ ಇಟ್ಕೊಳಿ, ಕೆಟ್ಟಿಲ್ಲ."

"ನಿನ್ ಬೀಜ ತಕ್ಕಂಡ್ರೆ ಎಷ್ಟು ಬತ್ತದೆ ಬೆಳೆ?"

"ಗೊತ್ತಿಲ್ಲ ಅಕ್ಕ."

"ಎದುರ್ಗಡೆಯವ್ರು ಯೋಳ್ತಾರೆ."

"ಹೌದು. ಹೇಳ್ತಾರೆ."

ಆಕೆ ಬಾಯಿಗೆ ಸೆರಗು ಹಿಡಿದು ನಕ್ಕಳು. "ಅವ್ರು ಯೋಳ್ದಂಗೆ ಬಂದಿದ್ರೆ ನಮ್ಮನೇಲಿ ಮಲಗಕ್ಕೆ ಜಾಗ ಇರ್ತಿರ್ನಿಲ್ಲ. ಕೊಡು ಒಂದು ಚೀಲ. ಆ ಜೀವಾಣು ಪುಡೀನೂ ಕೊಡು."

ನನ್ನ ಹುಡುಗಿ ಸೀಲ್ ಒಡೆಯದ ಚೀಲ ತಂದಿಟ್ಟು, ಚೀಟಿಯ ಮೇಲಿನ ತಾರೀಕು ತೋರಿಸಿ, ಬಿಲ್ಲು ಬರೆದಳು. ಆಕೆ ಸೊಂಟದ ಚೀಲದಿಂದ ಫೋನ್ ತೆಗೆದು ಕೌಂಟರಿನ ಮೇಲಿಟ್ಟಳು.

"ಇದ್ರಾಗೆ ನಿಮ್ಮಪ್ಪನ ನಂಬ್ರು ಅದೆ," ಎಂದಳು. "ನಿಂದು ಹಾಕ್ಕೊಡು."